ಲಂಡನ್ನಿನಿಂದ ಪಾರ್ಥಿವ ಶರೀರ ತರಲು ಹೈಕಮಿಷನ್ನಿಗೆ ಪತ್ರ ಬರೆಯುವುದು ಹೇಗೆ?

ಪ್ರಶ್ನೆ: ನನ್ನ ಅಣ್ಣನ ಮಗ ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿದ್ದುಕೊಂಡು ಎಂ.ಎಸ್ಸಿ ಓದುತ್ತಿದ್ದ. 26 ವರ್ಷ, ಮದುವೆಯಾಗಿರಲಿಲ್ಲ. ಕಳೆದ ಬುಧವಾರ ಬೆಳಿಗ್ಗೆ ಕೋಣೆಯಲ್ಲಿ ಏಳಲೇ ಇಲ್ಲವಂತೆ. ನಾನು ಹೈಕಮಿಷನರ್ ಅವರಿಗೆ ಮೂರು ಪುಟದ ಪತ್ರ ಬರೆದೆ, ಪ್ರಧಾನಿಯವರಿಗೂ ಸಂಸದರಿಗೂ ಪ್ರತಿ ಕಳುಹಿಸಿದೆ. ತಲುಪಿದೆ ಎಂಬ ಉತ್ತರ ಬಿಟ್ಟರೆ ಬೇರೇನೂ ಬಂದಿಲ್ಲ. ಅಲ್ಲಿನ ಪೊಲೀಸರು ದೇಹ ಕೊಡುತ್ತಿಲ್ಲ. ಪೋಸ್ಟ್‌ಮಾರ್ಟಂ ಮಾಡಿಸಲೇಬಾರದು ಎಂದು ಅಣ್ಣ ಹಟ ಹಿಡಿದಿದ್ದಾನೆ. ಎಂಟು ಲಕ್ಷ ಕೊಟ್ಟರೆ ಮೂರು ದಿನದಲ್ಲಿ ತರಿಸುತ್ತೇನೆ ಎಂದು ಒಬ್ಬ ಏಜೆಂಟ್ ಫೋನ್ ಮಾಡುತ್ತಿದ್ದಾನೆ. ಓದಿಗಾಗಿ ಅಣ್ಣ ತೆಂಗಿನ ತೋಟವನ್ನೇ ಅಡವಿಟ್ಟಿದ್ದಾನೆ, ಕೈಯಲ್ಲಿ ಕಾಸಿಲ್ಲ. ಪತ್ರವನ್ನು ಮತ್ತೆ ಹೇಗೆ ಬರೆಯಲಿ? — ಅರಸೀಕೆರೆ ತಾಲ್ಲೂಕಿನ ಓದುಗರು

ಉತ್ತರ: ಮೊದಲು ಏಜೆಂಟನ ವಿಷಯ. ಅವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೂರು ದಿನ ಎಂಬ ಮಾತನ್ನು ಕೊಡುವ ಅಧಿಕಾರ ಅವನಿಗಷ್ಟೇ ಅಲ್ಲ, ಹೈಕಮಿಷನರ್‌ಗೂ ಇಲ್ಲ. ಯಾಕೆಂದರೆ ಈಗ ನಿಮ್ಮ ಹುಡುಗನ ದೇಹ ಇರುವುದು ಪೊಲೀಸರ ವಶದಲ್ಲೂ ಅಲ್ಲ, ಭಾರತ ಸರ್ಕಾರದ ವಶದಲ್ಲೂ ಅಲ್ಲ. ಅದು ಕಾರೊನರ್ ಎಂಬ ಅಧಿಕಾರಿಯ ವಶದಲ್ಲಿದೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾರಣ ಗೊತ್ತಿಲ್ಲದ, ಹಠಾತ್ತಾದ ಅಥವಾ ಅಸಹಜವಾದ ಸಾವು ಕಾರೊನರ್ ಮುಂದೆ ಹೋಗಲೇಬೇಕು. ಅವರು ನ್ಯಾಯಾಧೀಶರಂತೆ ಸ್ವತಂತ್ರ ಅಧಿಕಾರಿ. ಸತ್ತವರು ಯಾರು, ಎಲ್ಲಿ, ಯಾವಾಗ, ಹೇಗೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಅವರ ಕೆಲಸ. ತಪ್ಪು ಯಾರದು ಎಂದು ತೀರ್ಪು ಕೊಡುವುದು ಅವರ ಕೆಲಸವಲ್ಲ. ಪೋಸ್ಟ್‌ಮಾರ್ಟಂ ಆಗಬೇಕೆಂದು ಅವರು ಹೇಳಿದರೆ ಮನೆಯವರ ಒಪ್ಪಿಗೆ ಬೇಕಾಗಿಲ್ಲ. 26 ವರ್ಷದ ಆರೋಗ್ಯವಂತ ಹುಡುಗ ನಿದ್ದೆಯಲ್ಲಿ ತೀರಿಕೊಂಡಾಗ ಅವರು ಬೇರೆ ಹೇಳುವ ಸಾಧ್ಯತೆ ತೀರಾ ಕಡಿಮೆ.

ನಿಮ್ಮ ಅಣ್ಣನ ಸಂಕಟ ನನಗೆ ಹೊಸದಲ್ಲ. ಕಾನ್ಸುಲರ್ ವಿಭಾಗದಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ಅತಿ ಹೆಚ್ಚು ಬಂದ ಬೇಡಿಕೆಯೇ ಇದು: ಹುಡುಗನ ಮೈಗೆ ಕತ್ತಿ ಮುಟ್ಟಿಸಬೇಡಿ. ಇದನ್ನು ಹೈಕಮಿಷನ್ ತಡೆಯಲಾರದು. ಆದರೆ ಕಾರೊನರ್ ಅವರನ್ನು ಎರಡು ವಿಷಯ ಕೇಳಬಹುದು. ಒಂದು, ಸ್ಕ್ಯಾನ್ ಮೂಲಕ ಪೋಸ್ಟ್‌ಮಾರ್ಟಂ ಮಾಡಲು ಆಗುತ್ತದೆಯೇ ಎಂದು. ಕೆಲವು ಪ್ರದೇಶಗಳಲ್ಲಿ ಆ ಸೌಲಭ್ಯವಿದೆ, ಸಾಮಾನ್ಯವಾಗಿ ಖರ್ಚು ಮನೆಯವರದು, ಕಾರಣ ಸಿಗದಿದ್ದರೆ ಮತ್ತೆ ಹಳೆಯ ವಿಧಾನಕ್ಕೇ ಬರಬೇಕಾಗುತ್ತದೆ. ಇನ್ನೊಂದು, ಪರೀಕ್ಷೆಗೆಂದು ತೆಗೆದಿಟ್ಟುಕೊಂಡ ಅಂಗಾಂಶದ ಮಾದರಿಗಳನ್ನು ಆಮೇಲೆ ಏನು ಮಾಡಬೇಕು ಎಂಬುದು. ಈ ಪ್ರಶ್ನೆಯನ್ನು ಅವರೇ ನಿಮ್ಮ ಅಣ್ಣನಿಗೆ ಕೇಳುತ್ತಾರೆ; ಹಿಂತಿರುಗಿಸಿ, ಅಲ್ಲಿಯೇ ಗೌರವದಿಂದ ವಿಲೇವಾರಿ ಮಾಡಿ, ಅಥವಾ ಇಟ್ಟುಕೊಳ್ಳಿ ಎಂದು ಉತ್ತರಿಸಬಹುದು. ಇಂತಹ ಇಮೇಲ್ ಬಂದಾಗ ಮನೆಯವರು ಬೆಚ್ಚಿಬಿದ್ದು ಉತ್ತರ ಕೊಡದೆ ಸುಮ್ಮನಾಗುತ್ತಾರೆ, ಕಡತ ಅಲ್ಲೇ ಕೂತುಬಿಡುತ್ತದೆ. ಬಂದ ದಿನವೇ ಉತ್ತರಿಸಿ.

ಪೋಸ್ಟ್‌ಮಾರ್ಟಂ ಮುಗಿದರೆ ದೇಹ ಬಿಡುವುದಕ್ಕೆ ವರದಿ ಪೂರ್ತಿ ಬರುವವರೆಗೂ ಕಾಯುವುದಿಲ್ಲ. ರಕ್ತ ಮತ್ತು ಅಂಗಾಂಶದ ಪರೀಕ್ಷೆಗೆ ವಾರಗಟ್ಟಲೆ ಬೇಕು, ಆದರೆ ಮಾದರಿಗಳನ್ನು ಇಟ್ಟುಕೊಂಡು ದೇಹವನ್ನು ಬಿಟ್ಟುಕೊಡುತ್ತಾರೆ. ವಿಚಾರಣೆ, ಅಂದರೆ ಇನ್‌ಕ್ವೆಸ್ಟ್, ಬೇಕಾದರೆ ತಿಂಗಳುಗಳ ನಂತರ ನಡೆಯುತ್ತದೆ. ಅನುಮಾನಾಸ್ಪದ ಸಾವಾಗಿದ್ದರೆ ಮಾತ್ರ ದೇಹ ತಡವಾಗಬಹುದು. 28 ದಿನಗಳೊಳಗೆ ಬಿಡಲು ಆಗದಿದ್ದರೆ ಅದಕ್ಕೆ ಕಾರಣವನ್ನು ಹತ್ತಿರದ ಬಂಧುವಿಗೆ ಕಾರೊನರ್ ತಿಳಿಸಲೇಬೇಕು ಎಂದು ಅಲ್ಲಿನ ನಿಯಮವಿದೆ. ತಕರಾರಿಲ್ಲದ ಪ್ರಕರಣದಲ್ಲೂ ಎರಡು ಮೂರು ವಾರ ಹಿಡಿಯುತ್ತದೆ ಎಂದೇ ಮನೆಯಲ್ಲಿ ಹೇಳಿಬಿಡಿ. ನಾಳೆ ಬರುತ್ತಾನೆ, ನಾಡಿದ್ದು ಬರುತ್ತಾನೆ ಎಂದು ತಾಯಿಯನ್ನು ಬಾಗಿಲಲ್ಲಿ ಕೂರಿಸುವುದು ಬೇಡ.

ಹಾಗಾದರೆ ಹೈಕಮಿಷನ್ ಮಾಡುವುದೇನು? ಮೃತರ ಪಾಸ್‌ಪೋರ್ಟನ್ನು ರದ್ದುಮಾಡುತ್ತದೆ. ದೇಹವನ್ನು ಭಾರತಕ್ಕೆ ಒಯ್ಯಲು ಆಕ್ಷೇಪವಿಲ್ಲ ಎಂಬ ಪತ್ರ ಕೊಡುತ್ತದೆ; ಇದನ್ನೇ ಎಲ್ಲರೂ ಎನ್‌ಒಸಿ ಎನ್ನುವುದು. ಸಾವನ್ನು ತನ್ನಲ್ಲಿ ನೋಂದಾಯಿಸುತ್ತದೆ. ಕಾರೊನರ್ ಕಚೇರಿ, ವಿಶ್ವವಿದ್ಯಾಲಯ, ಮನೆಯವರ ನಡುವೆ ಮಾತು ಕೂಡಿಸುತ್ತದೆ. ಹಣವಿಲ್ಲದ ಕುಟುಂಬವಾದರೆ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವಾಗಬಹುದು. ನಿಮ್ಮ ಪತ್ರ ಈ ಕೆಲಸಗಳನ್ನು ಸುಲಭ ಮಾಡುವಂತಿರಬೇಕು. ನೀವು ಕಳುಹಿಸಿದ ಮೂರು ಪುಟಗಳನ್ನು ಓದಿದೆ. ಹುಡುಗನ ಬಾಲ್ಯ, ಅವನು ಪಡೆದ ಅಂಕಗಳು, ನಿಮ್ಮ ಅತ್ತಿಗೆಯ ಸ್ಥಿತಿ ಎಲ್ಲವೂ ಅದರಲ್ಲಿವೆ. ಪಾಸ್‌ಪೋರ್ಟ್ ಸಂಖ್ಯೆ ಇಲ್ಲ. ಓದಿದ ಅಧಿಕಾರಿಗೆ ಮರುಕ ಹುಟ್ಟುತ್ತದೆ, ಆದರೆ ಕಡತ ತೆರೆಯಲು ಏನೂ ಸಿಗುವುದಿಲ್ಲ.

ಇನ್ನೊಂದು ತೊಡಕು ಸಹಿ. ನೀವು ಚಿಕ್ಕಪ್ಪ. ಮದುವೆಯಾಗದ ಮಗನ ವಿಷಯದಲ್ಲಿ ಅಧಿಕಾರವಿರುವುದು ತಂದೆ ತಾಯಿಗೆ. ಮದುವೆಯಾಗಿದ್ದರೆ ಹೆಂಡತಿಗೆ. ಓಡಾಟವೆಲ್ಲ ನಿಮ್ಮದೇ ಇರಲಿ, ಆದರೆ ಪತ್ರ ಅಣ್ಣನ ಹೆಸರಿನಲ್ಲಿ, ಅಣ್ಣನ ಸಹಿಯೊಂದಿಗೆ ಹೋಗಲಿ. ಅವರು ಹೆಬ್ಬೆಟ್ಟು ಒತ್ತುವವರಾದರೂ ತೊಂದರೆಯಿಲ್ಲ, ನೋಟರಿ ದೃಢೀಕರಿಸಿದರೆ ಸಾಕು. ಪ್ರಧಾನಿಗೆ, ಸಂಸದರಿಗೆ ಪ್ರತಿ ಕಳುಹಿಸುವುದರಿಂದ ಹಾನಿಯಿಲ್ಲ. ಲಾಭವೂ ನೀವು ಎಣಿಸಿದಷ್ಟಿಲ್ಲ. ಆ ಪ್ರತಿಗಳೆಲ್ಲ ಸುತ್ತಿ ಸುತ್ತಿ ಕೊನೆಗೆ ಅದೇ ಕಾನ್ಸುಲರ್ ಅಧಿಕಾರಿಯ ಮೇಜಿಗೇ ಬರುತ್ತವೆ. ಅದಕ್ಕಿಂತ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ಇದೇ ಪತ್ರವನ್ನು ಸೇರಿಸಿ ದೂರು ದಾಖಲಿಸಿ. ಅಲ್ಲಿ ಸಿಗುವ ಸಂಖ್ಯೆಯಿಂದ ಕಡತ ಎಲ್ಲಿದೆ ಎಂದು ನೋಡಬಹುದು.

ಪತ್ರ ಒಂದೇ ಪುಟದಲ್ಲಿರಲಿ. ಕಳುಹಿಸುವಾಗ ಇಂಗ್ಲಿಷಿನಲ್ಲೇ ಕಳುಹಿಸಬೇಕು. ಏನೇನು ಇರಬೇಕು ಎಂದು ನಿಮಗೂ ಅಣ್ಣನಿಗೂ ತಿಳಿಯಲೆಂದು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

> ಗೆ,
> ಕಾನ್ಸುಲರ್ ವಿಭಾಗ, ಭಾರತೀಯ ಹೈಕಮಿಷನ್, ಲಂಡನ್
>
> ವಿಷಯ: ನನ್ನ ಮಗ (ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು), ಪಾಸ್‌ಪೋರ್ಟ್ ಸಂಖ್ಯೆ (…), ಇವನ ಪಾರ್ಥಿವ ಶರೀರವನ್ನು ಬೆಂಗಳೂರಿಗೆ ಕಳುಹಿಸಲು ನೆರವು ಕೋರಿ
>
> ಮಾನ್ಯರೇ,
>
> ನಾನು ಮೇಲ್ಕಂಡ ಮೃತನ ತಂದೆ. ಮಗನ ಜನ್ಮದಿನಾಂಕ (…). ವಿದ್ಯಾರ್ಥಿ ವೀಸಾದಲ್ಲಿ (ವಿಶ್ವವಿದ್ಯಾಲಯದ ಹೆಸರು) ಇಲ್ಲಿ ಓದುತ್ತಿದ್ದ. ವಾಸದ ವಿಳಾಸ (…). ದಿನಾಂಕ (…) ರಂದು ಕೋಣೆಯಲ್ಲಿ ಮೃತಪಟ್ಟಿರುವುದಾಗಿ ಪೊಲೀಸರು ತಿಳಿಸಿದ್ದಾರೆ. ಪ್ರಕರಣ ಕಾರೊನರ್ ಮುಂದಿದೆ. ಉಲ್ಲೇಖ ಸಂಖ್ಯೆ (…), ನಮ್ಮೊಂದಿಗೆ ಸಂಪರ್ಕದಲ್ಲಿರುವ ಕಾರೊನರ್ ಕಚೇರಿಯ ಅಧಿಕಾರಿ (ಹೆಸರು, ದೂರವಾಣಿ, ಇಮೇಲ್).
>
> ಮಗ ಅವಿವಾಹಿತ. ನಾನು ಮತ್ತು ನನ್ನ ಪತ್ನಿ ಅವನ ಹತ್ತಿರದ ಬಂಧುಗಳು. ದೇಹವನ್ನು ಭಾರತಕ್ಕೆ ತರಬೇಕೆಂಬುದು ನಮ್ಮಿಬ್ಬರ ಒಮ್ಮತದ ಇಚ್ಛೆ. ಬ್ರಿಟನ್ನಿನಲ್ಲಿ ನಮ್ಮ ಪರವಾಗಿ ವ್ಯವಹರಿಸಲು ಮತ್ತು ಮಗನ ವಸ್ತುಗಳನ್ನು ಪಡೆಯಲು (ಹೆಸರು, ವಿಳಾಸ, ದೂರವಾಣಿ) ಇವರಿಗೆ ಅಧಿಕಾರ ನೀಡಿದ್ದೇವೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ದೇಹವನ್ನು ಪಡೆಯುವವರು ನನ್ನ ತಮ್ಮ (ಹೆಸರು, ಗುರುತಿನ ಚೀಟಿ ಸಂಖ್ಯೆ, ದೂರವಾಣಿ).
>
> ಮೂಲ ಪಾಸ್‌ಪೋರ್ಟ್ (ಪೊಲೀಸರ ಬಳಿ / ಕಾರೊನರ್ ಬಳಿ / ಸಹವಾಸಿಯ ಬಳಿ) ಇದೆ.
>
> ನನ್ನ ವಾರ್ಷಿಕ ಆದಾಯ ರೂ. (…). ಶಿಕ್ಷಣ ಸಾಲ ಬಾಕಿ ಇದೆ. ದೇಹವನ್ನು ತರುವ ಖರ್ಚಿಗೆ ಅನ್ವಯಿಸುವ ವಿಮೆ ಇದೆಯೇ ಎಂದು ವಿಶ್ವವಿದ್ಯಾಲಯವನ್ನು ಕೇಳಿದ್ದೇವೆ, ಉತ್ತರ (…). ವೆಚ್ಚ ಭರಿಸಲು ಶಕ್ತಿಯಿಲ್ಲದ್ದರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ನೀಡಬೇಕೆಂದು ಕೋರುತ್ತೇನೆ.
>
> ಲಗತ್ತು: ಮಗನ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ನಮ್ಮಿಬ್ಬರ ಗುರುತಿನ ಚೀಟಿ, ಸಂಬಂಧ ತೋರಿಸುವ ದಾಖಲೆ, ನೋಟರಿ ಮಾಡಿಸಿದ ಅಧಿಕಾರ ಪತ್ರ, ಆದಾಯ ಪ್ರಮಾಣಪತ್ರ, ಪಡಿತರ ಚೀಟಿ.
>
> (ಸಹಿ, ದಿನಾಂಕ, ವಾಟ್ಸ್‌ಆ್ಯಪ್ ಇರುವ ದೂರವಾಣಿ ಸಂಖ್ಯೆ)

ಒಂದೊಂದು ಸಾಲಿಗೂ ಕಾರಣವಿದೆ, ಆದರೆ ಎಲ್ಲಕ್ಕಿಂತ ಹೆಚ್ಚು ಎಡವುವುದು ಹೆಸರಿನಲ್ಲಿ. ನಮ್ಮ ಕಡೆಯ ಹೆಸರುಗಳಲ್ಲಿ ಊರಿನದೊಂದು, ತಂದೆಯದೊಂದು ಇನಿಷಿಯಲ್ ಇರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅದು ಹೆಸರಿನ ಮುಂದೆ ಚಿಕ್ಕದಾಗಿ, ಪಾಸ್‌ಪೋರ್ಟಿನಲ್ಲಿ ಹೆಸರಿನ ಹಿಂದೆ ಬಿಡಿಸಿ, ವಿಶ್ವವಿದ್ಯಾಲಯದ ದಾಖಲೆಯಲ್ಲಿ ತಂದೆಯ ಹೆಸರೇ ಮನೆತನದ ಹೆಸರಾಗಿ ಬಿದ್ದಿರುತ್ತದೆ. ಸಹವಾಸಿ ಹುಡುಗರು ಪೊಲೀಸರಿಗೆ ಕರೆಯುವ ಹೆಸರನ್ನೇ ಹೇಳಿರುತ್ತಾರೆ. ಕಾರೊನರ್ ಕೊಡುವ ಪ್ರಮಾಣಪತ್ರದಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಎಂದಾದರೆ ಎನ್‌ಒಸಿ ನಿಲ್ಲುತ್ತದೆ, ಸರಕು ರಸೀದಿ ನಿಲ್ಲುತ್ತದೆ, ಕೊನೆಗೆ ಬೆಂಗಳೂರಿನಲ್ಲೂ ಪ್ರಶ್ನೆ ಏಳುತ್ತದೆ. ಆದ್ದರಿಂದ ಇವತ್ತೇ ಕಾರೊನರ್ ಕಚೇರಿಯ ಅಧಿಕಾರಿಗೆ ಪಾಸ್‌ಪೋರ್ಟಿನ ಮೊದಲ ಪುಟದ ಚಿತ್ರ ಕಳುಹಿಸಿ, ಎಲ್ಲ ಕಾಗದಗಳಲ್ಲೂ ಹೀಗೆಯೇ ಬರಲಿ ಎಂದು ಬರೆದು ತಿಳಿಸಿ. ಆ ಅಧಿಕಾರಿಯೇ ನಿಮಗೆ ಈಗ ಬೇಕಾದ ಮನುಷ್ಯ. ಪೊಲೀಸರಿಗೆ ಫೋನ್ ಮಾಡುತ್ತಾ ಕೂರುವುದಕ್ಕಿಂತ ಅವರಿಂದ ಆ ಅಧಿಕಾರಿಯ ಹೆಸರು ಮತ್ತು ಉಲ್ಲೇಖ ಸಂಖ್ಯೆ ಕೇಳಿ ಪಡೆಯಿರಿ.

ಹಣದ ವಿಷಯಕ್ಕೆ ಬರುತ್ತೇನೆ. ಕಲ್ಯಾಣ ನಿಧಿ 2009ರಲ್ಲಿ ಆರಂಭವಾದದ್ದು. ವಿದೇಶದಲ್ಲಿರುವ ಭಾರತೀಯರು ಕಾನ್ಸುಲರ್ ಸೇವೆಗಳಿಗೆ ಕಟ್ಟುವ ಶುಲ್ಕದ ಜೊತೆ ಸೇರುವ ಸಣ್ಣ ಮೊತ್ತವೇ ಅದರ ಮುಖ್ಯ ಮೂಲ. ಅದು ಎಲ್ಲರಿಗೂ ತಾನಾಗಿ ಸಿಗುವ ಹಕ್ಕಲ್ಲ. ಕುಟುಂಬದ ಸ್ಥಿತಿ ನೋಡಿ ಕೊಡುವ ನೆರವು. ಮೃತರು ಭಾರತೀಯ ಪೌರರಾಗಿರಬೇಕು. ಬ್ರಿಟಿಷ್ ಪೌರತ್ವ ಪಡೆದು ಒಸಿಐ ಕಾರ್ಡ್ ಇಟ್ಟುಕೊಂಡವರಿಗೆ ಇದು ಅನ್ವಯಿಸುವುದಿಲ್ಲ. ನಿಮ್ಮ ಹುಡುಗ ಭಾರತೀಯ ಪಾಸ್‌ಪೋರ್ಟಿನವನು, ಹಾಗಾಗಿ ಕೇಳಲು ಅಡ್ಡಿಯಿಲ್ಲ.

‘ನಾವು ಬಡವರು’ ಎಂದು ಬರೆದರೆ ಸಾಲದು. ನಾಡಕಚೇರಿಗೆ ಹೋಗಿ ತಹಸೀಲ್ದಾರರ ಆದಾಯ ಪ್ರಮಾಣಪತ್ರ ತನ್ನಿ, ಬ್ಯಾಂಕಿನಿಂದ ಸಾಲದ ಬಾಕಿ ಪಟ್ಟಿ ತನ್ನಿ. ಬಿಪಿಎಲ್ ಚೀಟಿ ಇದ್ದರೆ ಅದರ ಪ್ರತಿ ಸೇರಿಸಿ. ತೋಟವಿದೆ ಎಂಬುದನ್ನು ಮುಚ್ಚಿಡಬೇಡಿ, ಅಡವಾಗಿದೆ ಎಂಬುದನ್ನು ದಾಖಲೆ ಸಮೇತ ತೋರಿಸಿ. ಇನ್ನೊಂದು ಎಚ್ಚರಿಕೆ: ನಿಧಿಯ ಹಣ ಸಾಮಾನ್ಯವಾಗಿ ಅಂತ್ಯಸಂಸ್ಕಾರ ಸಂಸ್ಥೆಗೆ ನೇರವಾಗಿ ಸಂದಾಯವಾಗುತ್ತದೆ. ಮೊದಲು ಸಾಲ ಮಾಡಿ ಕಟ್ಟಿಬಿಡೋಣ, ಆಮೇಲೆ ರಸೀದಿ ತೋರಿಸಿ ವಾಪಸ್ ಪಡೆಯೋಣ ಎಂಬ ಲೆಕ್ಕಾಚಾರ ಕೈಕೊಡುತ್ತದೆ. ಹೈಕಮಿಷನ್ ಹೌದು ಅಥವಾ ಇಲ್ಲ ಎನ್ನುವವರೆಗೆ ಯಾವ ಸಂಸ್ಥೆಗೂ ಮುಂಗಡ ಕೊಡಬೇಡಿ.

ವಿಮೆಯನ್ನು ಮಾತ್ರ ಮರೆಯಬೇಡಿ. ವೀಸಾ ಪಡೆಯುವಾಗ ಕಟ್ಟುವ ಆರೋಗ್ಯ ಶುಲ್ಕದಿಂದ ಅಲ್ಲಿನ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ ಸಿಗುತ್ತದೆಯೇ ಹೊರತು ದೇಹ ಸಾಗಿಸುವ ಖರ್ಚು ಅದರಲ್ಲಿಲ್ಲ. ಆದರೆ ಕೆಲವು ವಿಶ್ವವಿದ್ಯಾಲಯಗಳು ವಿದೇಶಿ ವಿದ್ಯಾರ್ಥಿಗಳಿಗೆ ತಾವೇ ವಿಮೆ ಮಾಡಿಸಿರುತ್ತವೆ. ಹುಡುಗ ವಾರದಲ್ಲಿ ಕೆಲವು ಗಂಟೆ ಎಲ್ಲಾದರೂ ಕೆಲಸಕ್ಕೆ ಹೋಗುತ್ತಿದ್ದರೆ ಅಲ್ಲಿಯೂ ವಿಚಾರಿಸಿ. ವಿಮಾನದ ಟಿಕೆಟ್ ತೆಗೆದಾಗ ಪ್ರವಾಸ ವಿಮೆ ಮಾಡಿಸಿದ್ದನೇ ಎಂದು ಅವನ ಇಮೇಲಿನಲ್ಲಿ ಹುಡುಕಿಸಿ. ಅಲ್ಲಿನ ಕನ್ನಡ ಸಂಘಟನೆಗಳೂ ಇಂತಹ ಹೊತ್ತಿನಲ್ಲಿ ಚಂದಾ ಎತ್ತುತ್ತವೆ. ಯಾರು ಎತ್ತಿದರೂ ಹಣ ಅಂತ್ಯಸಂಸ್ಕಾರ ಸಂಸ್ಥೆಯ ಖಾತೆಗೇ ನೇರ ಹೋಗಲಿ. ಇಲ್ಲವಾದರೆ ಉಳಿದ ಹಣದ ಮಾತಿಗೆ ನೆಂಟರೊಳಗೇ ಮನಸ್ತಾಪ ಬರುತ್ತದೆ.

ಏಜೆಂಟ್ ಬೇಡ ಎಂದೆ, ಆದರೆ ಅಂತ್ಯಸಂಸ್ಕಾರ ಸಂಸ್ಥೆ ಬೇಕೇ ಬೇಕು. ದೇಹವನ್ನು ಶವಾಗಾರದಿಂದ ಪಡೆಯುವುದು, ದೇಹ ಕೆಡದಂತೆ ಮಾಡುವ ಎಂಬಾಮಿಂಗ್, ಒಳಗೆ ಸತುವಿನ ತಗಡು ಹೊದಿಸಿದ ಪೆಟ್ಟಿಗೆ, ವಿಮಾನದ ಸರಕು ವಿಭಾಗದಲ್ಲಿ ಜಾಗ ಇವೆಲ್ಲ ಅವರ ಕೆಲಸ. ವಿದೇಶಕ್ಕೆ ದೇಹ ಕಳುಹಿಸಿ ಅಭ್ಯಾಸವಿರುವ, ಅದರಲ್ಲೂ ಭಾರತಕ್ಕೆ ಕಳುಹಿಸಿದ ಅನುಭವವಿರುವ ಸಂಸ್ಥೆಯನ್ನು ಆರಿಸಿ. ಯಾವುದಕ್ಕೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆದ ಅಂದಾಜು ಪಟ್ಟಿಯನ್ನು ಎರಡು ಮೂರು ಕಡೆಯಿಂದ ತರಿಸಿಕೊಂಡು ಹೋಲಿಸಿ. ಹಾಗೆ ಪಟ್ಟಿ ಕೊಡಲು ಹಿಂಜರಿಯುವವರನ್ನು ಬಿಟ್ಟುಬಿಡಿ. ನಿಮ್ಮ ಏಜೆಂಟನನ್ನೂ ಇದನ್ನೇ ಕೇಳಿ ನೋಡಿ, ಫೋನ್ ನಿಲ್ಲುತ್ತದೆ.

ಇಂಗ್ಲೆಂಡಿನಿಂದ ದೇಹವನ್ನು ಹೊರಗೆ ಒಯ್ಯಬೇಕಾದರೆ ಕಾರೊನರ್‌ಗೆ ಪ್ರತ್ಯೇಕ ನೋಟಿಸ್ ಕೊಡಬೇಕು. ಕೊಟ್ಟ ಮೇಲೆ ನಾಲ್ಕು ದಿನ ಕಾಯುವುದು ನಿಯಮ, ಕಾರೊನರ್ ಒಪ್ಪಿದರೆ ಬೇಗನೂ ಆಗಬಹುದು. ಈ ನೋಟಿಸನ್ನು ಸಂಸ್ಥೆಯವರೇ ಕೊಡುತ್ತಾರೆ. ಅದೇ ದಿನಗಳಲ್ಲಿ ಎಂಬಾಮಿಂಗ್ ಪ್ರಮಾಣಪತ್ರ, ಕಾರೊನರ್ ಕೊಡುವ ಮಧ್ಯಂತರ ಮರಣ ಪತ್ರ, ರದ್ದಾದ ಪಾಸ್‌ಪೋರ್ಟ್, ಎನ್‌ಒಸಿ ಒಟ್ಟುಗೂಡಿಸಬೇಕು. ಇವು ಸಿದ್ಧವಾದ ಮೇಲೆ ವಿಮಾನ ಹೊರಡುವ ಮೊದಲೇ ಭಾರತದ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಯ ಅನುಮತಿ ಪಡೆಯಬೇಕು. ಕೇಂದ್ರ ಆರೋಗ್ಯ ಸಚಿವಾಲಯ ಅದಕ್ಕಾಗಿ 2023ರಲ್ಲಿ ‘ಇ-ಕೇರ್’ ಎಂಬ ಜಾಲತಾಣ ತೆರೆದಿದೆ. ಅರ್ಜಿ ಹಾಕಿದ್ದಾರೆಯೇ ಎಂದು ಸಂಸ್ಥೆಯನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಅಲ್ಲಿಯೇ ದಹನ ಮಾಡಿಸಿ ಅಸ್ಥಿ ತರಿಸಿದರೆ ಖರ್ಚು ಬಹಳ ಕಡಿಮೆ, ಯಾರಾದರೂ ಕೈಚೀಲದಲ್ಲೇ ತರಬಹುದು. ಅದಕ್ಕೂ ದಹನದ ಪ್ರಮಾಣಪತ್ರ ಮತ್ತು ಹೈಕಮಿಷನ್ನಿನ ಎನ್‌ಒಸಿ ಬೇಕು. ಹಿರಿಯರು ಒಪ್ಪಿದರೆ ಅದೂ ಒಂದು ದಾರಿ. ನಿಮ್ಮದು ಹೂಳುವ ಪದ್ಧತಿಯ ಮನೆಯಾದರೆ ಈ ಮಾತೇ ಏಳುವುದಿಲ್ಲ. ಸಾವಿನ ಬಗ್ಗೆ ಅಣ್ಣನಿಗೆ ಅನುಮಾನವಿದ್ದರೂ ದಹನ ಬೇಡ, ಯಾಕೆಂದರೆ ಎರಡನೇ ಪೋಸ್ಟ್‌ಮಾರ್ಟಂಗೆ ಆಮೇಲೆ ಅವಕಾಶವೇ ಉಳಿಯುವುದಿಲ್ಲ. ನೆಂಟರ ಒತ್ತಡದಲ್ಲಿ ರಾತ್ರೋರಾತ್ರಿ ತೀರ್ಮಾನಿಸುವ ವಿಷಯವಲ್ಲ ಇದು.

ಬೆಂಗಳೂರಿನಲ್ಲಿ ದೇಹ ಬರುವುದು ಪ್ರಯಾಣಿಕರು ಹೊರಬರುವ ಕಡೆಯಲ್ಲ, ಕಾರ್ಗೋ ವಿಭಾಗಕ್ಕೆ. ಆಂಬುಲೆನ್ಸನ್ನು ಅಲ್ಲಿಗೇ ಕಳುಹಿಸಿ. ಪತ್ರದಲ್ಲಿ ಹೆಸರಿಸಿದ ವ್ಯಕ್ತಿಯೇ ಮೂಲ ಗುರುತಿನ ಚೀಟಿ ಮತ್ತು ಸರಕು ರಸೀದಿಯ ಪ್ರತಿಯೊಂದಿಗೆ ಹಾಜರಿರಬೇಕು. ಕಸ್ಟಮ್ಸ್ ಮತ್ತು ಆರೋಗ್ಯಾಧಿಕಾರಿಯ ತಪಾಸಣೆಗೆ ಕೆಲವು ಗಂಟೆ ಹಿಡಿಯಬಹುದು, ಆದ್ದರಿಂದ ಊರಿನಲ್ಲಿ ಅಂತ್ಯಕ್ರಿಯೆಯ ಸಮಯವನ್ನು ವಿಮಾನ ಇಳಿಯುವ ವೇಳೆಗೆ ಲೆಕ್ಕ ಹಾಕಿ ಸಾರಬೇಡಿ. ಪೋಸ್ಟ್‌ಮಾರ್ಟಂ ಆಗಿ ವಾರಗಳು ಕಳೆದ ಮುಖ ಬದಲಾಗಿರುತ್ತದೆ. ಪೆಟ್ಟಿಗೆ ತೆರೆಯಬಹುದೇ ಎಂದು ಲಂಡನ್ನಿನ ಸಂಸ್ಥೆಯನ್ನು ಮೊದಲೇ ಕೇಳಿ, ಅವರು ಬೇಡ ಎಂದರೆ ಅತ್ತಿಗೆಗೆ ನೀವೇ ಮುಂಚಿತವಾಗಿ ಹೇಳಿ.

ದೇಹ ಮಣ್ಣಾದ ಮೇಲೂ ಕಾರೊನರ್ ಕಡತ ತೆರೆದೇ ಇರುತ್ತದೆ. ಮಧ್ಯಂತರ ಮರಣ ಪತ್ರದ ಹೆಚ್ಚುವರಿ ಪ್ರತಿಗಳನ್ನು ಈಗಲೇ ಕೇಳಿ ಇಟ್ಟುಕೊಳ್ಳಿ. ಶಿಕ್ಷಣ ಸಾಲದ ಬ್ಯಾಂಕಿಗೆ, ಜೀವ ವಿಮೆಗೆ ಮೊದಲು ಅದನ್ನೇ ಕೊಡಬೇಕಾಗುತ್ತದೆ. ಸಾಲದ ಜೊತೆ ವಿಮೆ ಮಾಡಿಸಿದ್ದರೋ ಎಂದು ಸಾಲದ ಒಪ್ಪಂದದಲ್ಲಿ ನೋಡಿ, ಇದ್ದರೆ ತೋಟ ಉಳಿಯಬಹುದು. ಇನ್‌ಕ್ವೆಸ್ಟ್ ನಡೆಯುವುದಾದರೆ ದಿನಾಂಕ ತಿಳಿಸಬೇಕೆಂದು, ಅರಸೀಕೆರೆಯಿಂದಲೇ ವಿಡಿಯೊ ಮೂಲಕ ಹಾಜರಾಗಲು ಅವಕಾಶ ಬೇಕೆಂದು, ಕನ್ನಡ ದುಭಾಷಿ ಬೇಕೆಂದು ಅಣ್ಣನ ಹೆಸರಿನಲ್ಲಿ ಕಾರೊನರ್ ಕಚೇರಿಗೆ ಈ ವಾರವೇ ಒಂದು ಇಮೇಲ್ ಬರೆಯಿರಿ.